ಶಿರಾದ ಚಾರ್ಜಿಂಗ್ ಪಾಯಿಂಟಿನಲ್ಲಿ ಕಾದದ್ದು

ನನ್ನ ಅಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮದುವೆಯಾಗಿ ಪಾವಗಡಕ್ಕೆ ಹೋದ ಮೇಲೆ ಬಂದ ಯಾವುದೋ ಜ್ವರ ಎರಡು ಕಿವಿಯನ್ನೂ ತೆಗೆದುಕೊಂಡು ಹೋಯಿತು. ಅಲ್ಲಿಂದ ಮುಂದೆ ಆಕೆ ಎದುರಿಗಿದ್ದವರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ಮನೆಯವರ ಮಾತೂ ಅರ್ಧಂಬರ್ಧ ತಿಳಿಯುತ್ತಿತ್ತು. ನನ್ನದು ಮಾತ್ರ ಪೂರಾ ತಿಳಿಯುತ್ತಿತ್ತು. ಅದಕ್ಕೆ ಕಾರಣ ನಾನು ಓದಿದ ಕಾನ್ವೆಂಟ್. ಅಲ್ಲಿ ಎಲೊಕ್ಯೂಷನ್ ಕಲಿಸುತ್ತಿದ್ದ ಸಿಸ್ಟರ್ ಕೈಯಲ್ಲಿ ಸ್ಕೇಲ್ ಹಿಡಿದು, ಒಂದೊಂದು ಅಕ್ಷರಕ್ಕೂ ತುಟಿ ಸರಿಯಾಗಿ ತೆರೆಯಬೇಕು ಎನ್ನುತ್ತಿದ್ದರು. ಮನೆಯಲ್ಲಿ ಎಲ್ಲರೂ ನನ್ನನ್ನು ‘ಬಾಯಿ ತುಂಬ ಮಾತಾಡೋಳು’ ಎಂದು ಗೇಲಿ ಮಾಡುತ್ತಿದ್ದರು. ಆ ಶೋಕಿ ಕೊನೆಗೆ ಅಕ್ಕನಿಗೆ ಉಪಯೋಗಕ್ಕೆ ಬಂತು.

ಆ ಬೆಳಿಗ್ಗೆ ನಾನು ಶಿರಾದ ಕಣ್ಣಿನ ಆಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿಸಿಕೊಂಡು ಬೆಂಚಿನ ಮೇಲೆ ಕುಳಿತಿದ್ದೆ. ಪಾಪೆ ಅಗಲವಾಗಿ ಎಲ್ಲವೂ ಮಸುಕು. ಫೋನ್ ಹೊಡೆದುಕೊಂಡಿತು. ಅಕ್ಕನ ಮಗಳು.

“ಚಿಕ್ಕವ್ವ, ಅವ್ವಂಗೆ ಉಸಿರು ಸಾಲ್ತಾ ಇಲ್ಲ. ಡಾಕ್ಟ್ರು ಮನೇಗೆ ಬಂದು ನೋಡಿ, ಇನ್ನು ಇವತ್ತೇ ಅಂದ್ಬುಟ್ರು.”

ನಾನು ಬೆಂಚಿನಿಂದ ಎದ್ದೆ. ಅವಳು ಮುಂದುವರಿಸಿದಳು.

“ಮುಖದ ಮೇಲಿನ ಆಕ್ಸಿಜನ್ ಪೈಪ್ ಕಿತ್ತಾಕ್ತಾಳೆ. ಅದೇನು ಅಂತ ತಿಳೀದೆ ಎದ್ರುಕೊಂಡವ್ಳೆ. ನಾವ್ ಏನ್ ಹೇಳಿದ್ರೂ ಬಾಯಿ ನೋಡ್ತಾಳೆ, ತಲೆ ಅಲ್ಲಾಡಿಸ್ತಾಳೆ. ನೀನು ಬಂದು ಹೇಳಿದ್ರೆ ತಿಳ್ಕಂತಾಳೆ ಕಣವ್ವ. ಬೇಗ ಬಾ.”

ವಿಡಿಯೋ ಕಾಲ್ ಮಾಡಿ ನೋಡಿದೆವು. ನೆಟ್‌ವರ್ಕ್ ಸಾಲದೆ ನನ್ನ ಮುಖ ಅಲ್ಲಿ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತಂತೆ. ಅಕ್ಕ ನೋಡಿ, ಮುಖ ಆ ಕಡೆ ತಿರುಗಿಸಿದಳಂತೆ. ನಾನೇ ಹೋಗಬೇಕಿತ್ತು.

ನಮ್ಮೂರು ಕೊರಟಗೆರೆಯಿಂದ ನನ್ನನ್ನು ಕರೆತಂದಿದ್ದ ಡ್ರೈವರ್ ಮೂಲತಃ ಶಿರಾದವನು, ನಡುವಯಸ್ಸಿನವನು. ಮೊದಲು ಲಾರಿ ಓಡಿಸುತ್ತಿದ್ದವನು ಈಗ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡಿದ್ದ. ಯಾವುದೋ ಟ್ಯಾಕ್ಸಿ ಕಂಪನಿ ಕೆಲವು ವರ್ಷ ಓಡಿಸಿ ಮಾರಿದ ಗಾಡಿ ಅದು. ಕೊರಟಗೆರೆಯಿಂದ ಮಧುಗಿರಿ ಮೇಲೆ ಶಿರಾಕ್ಕೆ ಬರುವಷ್ಟರಲ್ಲಿ ಚಾರ್ಜ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿತ್ತು. ನಾನು ಆಸ್ಪತ್ರೆಯಲ್ಲಿರುವಷ್ಟು ಹೊತ್ತು ಅವನು ಹೈವೇ ಹೋಟೆಲಿನ ಹಿಂದಿನ ಗೋಡೆಯ ಮೂರು ಪಿನ್ನಿನ ದೊಡ್ಡ ಸಾಕೆಟ್‌ಗೆ ತನ್ನದೇ ಕೇಬಲ್ ಸಿಕ್ಕಿಸಿ, ನಿದ್ದೆ ಹೊಡೆದು, ವಾಪಸ್ ಹೋಗುವಷ್ಟು ತುಂಬಿಸಿಕೊಳ್ಳುತ್ತಿದ್ದ. ಪ್ರತಿ ಸಲವೂ ಹಾಗೇ. ಅವಸರ ಅಂತ ಯಾವತ್ತೂ ಬಂದಿರಲಿಲ್ಲ.

“ಪಾವಗಡ ಎಪ್ಪತ್ ಕಿಲೋಮೀಟ್ರು ಆಗ್ತದೆ ಅಮ್ಮಾ. ಇರೋ ಚಾರ್ಜಲ್ಲಿ ದಾರೀಲೇ ನಿಂತೋಗ್ತೀವಿ,” ಎಂದ. ಆಮೇಲೆ, “ಫಿಕರ್ ಮಾಡಬೇಡಿ. ಹೋಟೆಲ್ ಮುಂದ್ಗಡೆ ಫಾಸ್ಟ್ ಮಿಷನ್ ಐತೆ. ಈ ಗಾಡೀಲೂ ಫಾಸ್ಟ್ ಐತೆ, ಮಾರ್ದೋನು ಆಣೆ ಇಟ್ಟು ಹೇಳವ್ನೆ. ಅರ್ಧ ಗಂಟೆ, ಬಸ್.”

ಪರಿಚಯದ ಇನ್ನೊಬ್ಬ ಟ್ಯಾಕ್ಸಿಯವನಿಗೂ ಫೋನ್ ಮಾಡಿದ. ಅವನು ಬಾಡಿಗೆಗೆಂದು ತುಮಕೂರಿಗೆ ಹೋಗಿದ್ದ. ಬಸ್ಸಿಗೆ ಹೋಗುತ್ತೇನೆ ಅಂದೆ. “ಕಣ್ಣಿಗೆ ಡ್ರಾಪ್ಸ್ ಹಾಕ್ಸ್ಕೊಂಡು ಯಾವ್ ಬಸ್ಸು ಹತ್ತಿ ಎಲ್ ಇಳೀತೀರ? ಬಸ್ಸಿಗಿಂತ ಮುಂಚೆ ನಾನ್ ಬಿಡ್ತೀನಿ,” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗೇ ನಂಬಿದ್ದ.

ಹೋಟೆಲಿನ ಮುಂದೆ ಎರಡು ಮೆಷಿನ್. ಒಂದು ಬೀರುವಿನಷ್ಟು ಎತ್ತರ. ಅದರ ದಪ್ಪ ಕೇಬಲ್ ಒಂದು ನೀಲಿ ಕಾರಿಗೆ ಸಿಕ್ಕಿಸಿತ್ತು. ಪಕ್ಕದಲ್ಲಿ ಸೊಂಟದೆತ್ತರದ ಕಂಬ, ಅದರದ್ದು ತೆಳು ಕೇಬಲ್. ಎತ್ತರದ್ದು ಫಾಸ್ಟ್. ಅದಕ್ಕೆ ಗಾಡಿಗೆ ಸಿಕ್ಕಿಸುವ ಗನ್ನು ಒಂದೇ. ನೀಲಿ ಕಾರಿನವರು ಮುಗಿಸುವವರೆಗೆ ನಾವು ಕಾಯಬೇಕು.

ಕಾದೆವು. ಕಾರಿನ ಯಜಮಾನರು ನೆರಳಿನಲ್ಲಿ ಕುಳಿತು ನಿಧಾನವಾಗಿ ಕಾಫಿ ಕುಡಿಯುತ್ತಿದ್ದರು. ನನ್ನ ಮಸುಕು ಕಣ್ಣಿಗೆ ಬಿಳಿ ಷರ್ಟು, ಹಣೆಯ ವಿಭೂತಿ ಇಷ್ಟೇ ಕಂಡದ್ದು. ‘ಎದ್ದು ಹೋಗಬಾರದೆ ಈ ಮನುಷ್ಯ’ ಎಂದು ನಾನು ಮನಸ್ಸಿನಲ್ಲೇ ಪ್ರಾರ್ಥಿಸುತ್ತಿದ್ದೆ. ಡ್ರೈವರ್ ಎರಡು ಸಲ ಅವರ ಮುಂದೆಯೇ ಗಡಿಯಾರ ನೋಡಿಕೊಂಡ. ಕೊನೆಗೆ ಅವರು ಎದ್ದು, ನಮ್ಮನ್ನು ನೋಡಿ, “ಕಾಯಿಸಿಬಿಟ್ಟೆ, ಸಾರಿ ಅಮ್ಮ,” ಎಂದು ಗನ್ನು ಕಳಚಿ ಸ್ಥಾನಕ್ಕೆ ಸಿಕ್ಕಿಸಿ ಹೊರಟರು. ನಾನು ನೋ ಪ್ರಾಬ್ಲಮ್ ಎಂದು ನಕ್ಕೆ. ಅವರು ಹೋದದ್ದಕ್ಕೆ ಖುಷಿಯಾಗಿತ್ತು.

ಡ್ರೈವರ್ ಗಾಡಿಯ ಮುಂಭಾಗದ ಮುಚ್ಚಳ ತೆಗೆದ. ನಿಧಾನದ ಚಾರ್ಜಿಗೆ ಪಕ್ಕದಲ್ಲಿ ಒಂದು ಮುಚ್ಚಳ, ಫಾಸ್ಟಿಗೆ ಮುಂದೆ ಇನ್ನೊಂದು, ಹೀಗಿತ್ತು ಆ ಗಾಡಿ. ಮುಂದಿನದನ್ನು ಅವನು ಕೊಂಡ ಮೇಲೆ ತೆರೆದೇ ಇರಲಿಲ್ಲ. ಒಳಗೆ ಜೇಡ ಮೊಟ್ಟೆ ಇಟ್ಟಿತ್ತು. ಅದನ್ನು ಒರೆಸಿ, ದಪ್ಪ ಗನ್ನನ್ನು ಎರಡೂ ಕೈಯಲ್ಲಿ ಎತ್ತಿ ಒತ್ತಿದ. ಹೋಗಲಿಲ್ಲ. ತಿರುಗಿಸಿ ಒತ್ತಿದ. ನಾನು ಹತ್ತಿರ ಹೋಗಿ ಬೆರಳಿನಿಂದ ಮುಟ್ಟಿ ನೋಡಿದೆ. ಗಾಡಿಯ ಬಾಯಿ ಪೂರಾ ದುಂಡಗೆ, ಒಳಗೆಲ್ಲ ಪಿನ್ನುಗಳ ಗುಂಪು. ಗನ್ನಿನದು ಉದ್ದನೆಯ ಮುಖ: ಮೇಲೆ ಸಣ್ಣ ತೂತುಗಳ ಒಂದು ತಲೆ, ಕೆಳಗೆ ದಪ್ಪನೆಯ ಎರಡು ಕೊಳವೆ. ಒಂದಕ್ಕೊಂದು ಸಂಬಂಧವೇ ಇರಲಿಲ್ಲ.

ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಹೆಂಗಸೇ ಮೆಷಿನ್ನನ್ನೂ ನೋಡಿಕೊಳ್ಳುತ್ತಿದ್ದರು. ಅಲ್ಲಿಂದಲೇ ಕೂಗಿದರು.

“ಲೇ ಅಣ್ಣ, ಅದೇನು ಎಮ್ಮೆಗೆ ಮೂಗುದಾರ ಹಾಕ್ತಿದ್ದೀಯಾ? ಮುರ್ದಾಕ್ಬುಟ್ಟೀಯ.”

“ಫಾಸ್ಟ್ ಐತೆ ಕಣಮ್ಮ ಈ ಗಾಡೀಲಿ.”

“ಇದ್ರೆ ಇರ್ಲಿ. ನಿಂದು ಹಳೇ ನಮೂನೆ. ಹಿಂದೇನೂ ಒಬ್ಬ ಇಂಥದ್ದೇ ತಂದಿದ್ದ. ಈಗ ಹೈವೇಲೆಲ್ಲ ಹಾಕಿರೋದು ಸಿಸಿಎಸ್ ಟೂ. ನಿಂದಕ್ಕೆ ಬೇರೆ ಗನ್ನು ಬೇಕು.”

“ಎಲ್ಲೈತೆ ಅದು?”

“ನಂಗೇನ್ ಗೊತ್ತು. ಮಾರ್ದೋನ್ನ ಕೇಳು.”

ಅವನು ಮಧುಗಿರಿಯ ಗೆಳೆಯನಿಗೆ ಫೋನ್ ಮಾಡಿದ. ಅಲ್ಲಿ ಒಂದು ಆಫೀಸಿನ ಕಾಂಪೌಂಡಿನಲ್ಲಿ ಆ ಹಳೆಯ ನಮೂನೆಯ ಮೆಷಿನ್ ಒಂದು ಕಾಲದಲ್ಲಿ ಇತ್ತಂತೆ. “ಈಗ ಅದ್ರ ಮ್ಯಾಗೆ ಹೆಲ್ಮೆಟ್ ಇಡ್ತಾರಂತೆ,” ಎಂದು ಫೋನ್ ಜೇಬಿಗೆ ಹಾಕಿದ.

ನಾನು ಆ ಹೆಂಗಸಿಗೆ ಪಾವಗಡದಲ್ಲಿ ಅಕ್ಕನ ಪರಿಸ್ಥಿತಿ ಹೇಳಿದೆ. ಬೇರೆ ಗಾಡಿ ಏನಾದರೂ ಸಿಗಬಹುದೇ ಎಂದು ಕೇಳಿದೆ. ಅವರ ಮುಖ ಬಾಡಿತು.

“ಅಯ್ಯೋ, ಈವಾಗ ಹೋದ್ರಲ್ಲ ನೀಲಿ ಕಾರ್ನೋರು, ಅವ್ರು ಪಾವಗಡದೋರೇ ಕಣಮ್ಮ. ಸೋಲಾರ್ ಕೆಲ್ಸ. ಒಂದ್ ಮಾತು ಕೇಳಿದ್ರೆ ಕೂರಿಸ್ಕಂಡು ಹೋಗೋರು. ಒಳ್ಳೇ ಮನ್ಷ.”

ಅವರ ನಂಬರ್ ಆಕೆಯ ಬಳಿ ಇರಲಿಲ್ಲ. ಪಾವಗಡದ ಬಸ್ಸು ಊರೊಳಗಿನ ಸ್ಟ್ಯಾಂಡಿನಿಂದ ಆಗಲೇ ಹೊರಟುಹೋಗಿತ್ತು, ಮುಂದಿನದು ಮಧ್ಯಾಹ್ನ ಎರಡರ ಮೇಲೆ. ನಾನು ಬೆಂಚಿನ ಮೇಲೆ ಕುಳಿತೆ. ಎದುರಿಗೆ ನೀಲಿ ಕಾರಿನವರ ಕಾಫಿ ಲೋಟ ಇನ್ನೂ ಅಲ್ಲೇ ಇತ್ತು.

ಅಷ್ಟರಲ್ಲಿ ಡ್ರೈವರ್ ಗಿಡ್ಡ ಕಂಬದ ಹತ್ತಿರ ನಿಂತು ಕೂಗಿದ. ಆ ತೆಳು ಕೇಬಲಿನ ಗನ್ನಿಗೆ ಸಣ್ಣ ತೂತುಗಳ ತಲೆ ಮಾತ್ರ ಇತ್ತು, ಕೆಳಗಿನ ದಪ್ಪ ಕೊಳವೆಗಳಿರಲಿಲ್ಲ. ಟೈಪ್ ಟೂ ಅಂತ ಬರೆದಿತ್ತು. ಅವನು ದಿನಾ ಬಳಸುವ ಕೇಬಲಿನ ಮೂತಿಯೂ ಅದೇ ಆಕಾರ. ಪಕ್ಕದ ಮುಚ್ಚಳ ತೆಗೆದು ಒತ್ತಿದ. ಕ್ಲಿಕ್ ಎಂದು ಕೂತಿತು.

“ಅಮ್ಮಾ, ಇದ್ರ ಮ್ಯಾಗೆ ಇಪ್ಪತ್ತೆರಡು ಕಿಲೋವ್ಯಾಟ್ ಅಂತ ಐತೆ. ನಮ್ಮ ಗೋಡೆ ಸಾಕೆಟ್ಟು ಮೂರು. ಏಳು ಪಟ್ಟು ಜಾಸ್ತಿ ಆಯ್ತಲ್ಲ. ಇನ್ನರ್ಧ ಗಂಟೇಲಿ ಹೊರಟ್ವಿ ಅಂದ್ಕಳಿ.”

ನಾನೂ ಲೆಕ್ಕ ಹಾಕಿ ಸರಿ ಎಂದುಕೊಂಡೆ. ಕಾರಿನಲ್ಲಿ ಕುಳಿತು ಕನ್ನಡಿ ಇಳಿಸಿಕೊಂಡು ಅಕ್ಕನಿಗೆ ಹೇಳಬೇಕಾದ್ದನ್ನು ತುಟಿಯಲ್ಲೇ ಅಭ್ಯಾಸ ಮಾಡಿದೆ. ಇದು ಗಾಳಿ ಅಕ್ಕ. ಪೈಪಿನಲ್ಲಿ ಬರೀ ಗಾಳಿ. ಕೀಳಬೇಡ. ನಾನು ಇಲ್ಲೇ ಇದ್ದೀನಿ. ‘ಗಾಳಿ’ ಎನ್ನುವಲ್ಲಿ ಕೊನೆಗೆ ತುಟಿ ಚೆನ್ನಾಗಿ ಅಗಲಿಸಬೇಕು, ಇಲ್ಲದಿದ್ದರೆ ‘ಕಾಲು’ ಎಂದು ತಿಳಿದಾಳು ಅನ್ನಿಸಿತು. ಸಿಸ್ಟರ್ ಇದ್ದಿದ್ದರೆ ವೆರಿ ಗುಡ್ ಅನ್ನುತ್ತಿದ್ದರೇನೋ.

ಒಂದು ಗಂಟೆಯಾಗಿರಬೇಕು. ಡ್ರೈವರ್ ಡ್ಯಾಶ್‌ಬೋರ್ಡ್ ನೋಡಿದ, ಮತ್ತೆ ಇಳಿದುಹೋಗಿ ಕಂಬದ ಸ್ಕ್ರೀನ್ ನೋಡಿದ. ತಲೆ ಕೆರೆದುಕೊಂಡ.

“ಏನಪ್ಪಾ?”

“ಮೂರೇ ತೋರಿಸ್ತಾ ಐತೆ ಅಮ್ಮಾ. ಗೋಡೆ ಸಾಕೆಟ್ಟಲ್ಲಿ ಬರೋ ಅಷ್ಟೇ.”

ಇಪ್ಪತ್ತೆರಡು ಅನ್ನುವುದು ಕಂಬ ಕೊಡಬಲ್ಲದ್ದು. ಗಾಡಿ ತೆಗೆದುಕೊಳ್ಳುವುದೇ ಮೂರು. ಇದು ಅವನು ಆಮೇಲೆ ವಿಚಾರಿಸಿ ತಿಳಿದದ್ದು. ಎಸಿ ಕರೆಂಟನ್ನು ಬ್ಯಾಟರಿಗೆ ಆಗುವಂತೆ ಡಿಸಿ ಮಾಡುವ ಪೆಟ್ಟಿಗೆ ಕಾರಿನ ಒಳಗೇ ಇರುತ್ತದಂತೆ, ಅವನ ಗಾಡಿಯದು ಚಿಕ್ಕದು. ಹೊರಗೆ ಎಷ್ಟು ದೊಡ್ಡ ಕಂಬ ನಿಲ್ಲಿಸಿದರೂ ಅದು ತನ್ನ ಶಕ್ತಿಯಷ್ಟೇ ಎಳೆಯುತ್ತದೆ. ಫಾಸ್ಟಿನಲ್ಲಾದರೆ ಆ ಕೆಲಸವನ್ನು ಬೀರುವಿನಂಥ ಮೆಷಿನ್ನೇ ಮುಗಿಸಿ, ನೇರವಾಗಿ ಬ್ಯಾಟರಿಗೆ ತುಂಬುತ್ತದೆ. ಅದರ ಬಾಗಿಲೇ ನಮಗೆ ಬೇರೆಯಾಗಿತ್ತು.

“ಇನ್ನೊಂದ್ ಗಂಟೆ ಬೇಕೇ ಬೇಕು,” ಎಂದ. ಆಮೇಲೆ ಬಹಳ ಮೆಲ್ಲಗೆ, “ಬಸ್ಸಿಗೇ ಕಳಿಸ್ಬೇಕಾಗಿತ್ತು ನಾನು.”

ಬೈಯುವಷ್ಟು ತ್ರಾಣ ನನಗಿರಲಿಲ್ಲ. ಗಲ್ಲಾದ ಹೆಂಗಸು ನಾವು ಕೇಳದೆಯೇ ಎರಡು ಇಡ್ಲಿ ಕಳಿಸಿದರು. ತಿನ್ನಲಾಗಲಿಲ್ಲ. ಆ ಗಂಟೆಯಲ್ಲಿ ಫಾಸ್ಟ್ ಮೆಷಿನ್ನಿಗೆ ಇನ್ನೊಂದು ಕಾರು ಬಂತು, ತುಂಬಿಸಿಕೊಂಡಿತು, ಹೋಯಿತು. ಈ ಸಲ ನಾನು ಎದ್ದುಹೋಗಿ ಕೇಳಿದೆ. ಅವರು ಹಿರಿಯೂರಿನ ಕಡೆಗೆ ಹೊರಟವರು.

ಕೊನೆಗೆ ಹೊರಟಾಗ ಬಿಸಿಲು ನೆತ್ತಿ ದಾಟಿತ್ತು. ಚಾರ್ಜ್ ಉಳಿಸಲು ಎಸಿ ಹಾಕಲಿಲ್ಲ, ವೇಗ ಹೆಚ್ಚಿಸಲಿಲ್ಲ. ಟ್ರಾಕ್ಟರುಗಳು ನಮ್ಮನ್ನು ಹಿಂದೆ ಹಾಕಿದವು. ಡ್ರೈವರಿನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಆ ಪರ್ಸೆಂಟೇಜಿನ ಮೇಲೆಯೇ. ಪಾವಗಡ ಸಮೀಪಿಸಿದಾಗ ಹೊಲಗಳ ತುಂಬ ಸೋಲಾರ್ ಫಲಕಗಳು ಬಿಸಿಲಿಗೆ ಮುಖ ಒಡ್ಡಿ ಮಲಗಿದ್ದವು. ನನ್ನ ಕಣ್ಣಿಗೆ ಅದು ನೀರಿನಂತೆ ಕಂಡಿತು.

ಅಕ್ಕನ ಮನೆಯ ಮುಂದೆ ಜನ ಕುಳಿತಿದ್ದರು. ಗಂಡಸರು ಟವಲ್ ಹೆಗಲ ಮೇಲೆ ಹಾಕಿಕೊಂಡು ಸುಮ್ಮನೆ ಕುಳಿತಿದ್ದ ರೀತಿ ನೋಡಿ ತಿಳಿಯಿತು. ಕಾರಿನಿಂದ ಇಳಿಯಲು ಡ್ರೈವರ್ ಕೈ ಹಿಡಿದ.

ಒಳಗೆ ಅಕ್ಕನನ್ನು ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿದ್ದರಿಂದ ಬಾಯಿ ಬಿಗಿಯಾಗಿ ಮುಚ್ಚಿತ್ತು.

“ಹೋಗಿ ಒಂದ್ ಗಂಟೆ ಆಯ್ತು ಚಿಕ್ಕವ್ವ,” ಎಂದಳು ಮಗಳು. “ಫೋನ್ ಮಾಡ್ಲಿಲ್ಲ, ದಾರೀಲಿ ಇದ್ದೀಯಲ್ಲ ಅಂತ.”

“ಪೈಪು?”

“ಕಡೇವರ್ಗೂ ಕಿತ್ತಾಕ್ತಾನೇ ಇದ್ಲು. ಕೈ ಹಿಡ್ಕಬೇಕಾಯ್ತು ನಾವು. ಎಲ್ರ ಬಾಯೂ ಒಂದೊಂದಾಗಿ ನೋಡೋಳು.”

ನಾನು ಅಕ್ಕನ ಎದುರಿಗೆ ಕುಳಿತೆ. ಕಾರಿನಲ್ಲಿ ಅಭ್ಯಾಸ ಮಾಡಿದ್ದನ್ನೆಲ್ಲ ತುಟಿ ತೆರೆದು, ಸದ್ದಿಲ್ಲದೆ, ಒಮ್ಮೆ ಹೇಳಿದೆ. ಯಾರೂ ಗಮನಿಸಲಿಲ್ಲ.

ಸಂಜೆಯೊಳಗೆ ಮಣ್ಣು ಮುಗಿಯಿತು. ನಾವು ಸ್ಮಶಾನದಿಂದ ಬಂದಾಗ ಡ್ರೈವರ್ ಜಗಲಿಯ ಮೂಲೆಯಲ್ಲಿ ನಿಂತಿದ್ದ. ಏನೋ ಕೇಳಬೇಕಿತ್ತು, ಕೇಳಲಾಗುತ್ತಿರಲಿಲ್ಲ. ಅಕ್ಕನ ಮಗಳೇ, “ಏನಣ್ಣಾ?” ಎಂದಳು.

“ಗಾಡೀಲಿ ಚಾರ್ಜ್ ಸುತರಾಂ ಇಲ್ಲಮ್ಮ. ದೊಡ್ಡ ಸಾಕೆಟ್ಟು ಒಂದು ಇದ್ರೆ…”

ಮನೆಯಲ್ಲಿ ಅಂಥ ಸಾಕೆಟ್ ಇದ್ದದ್ದು ಒಂದೇ, ನಡುಮನೆಯ ಕಿಟಕಿಯ ಪಕ್ಕ, ಅಕ್ಕನ ಮಂಚದ ತಲೆದೆಸೆಯಲ್ಲಿ. ಅದರಲ್ಲಿ ಆಕ್ಸಿಜನ್ ಮೆಷಿನ್ನಿನ ಪ್ಲಗ್ ಇನ್ನೂ ಹಾಗೇ ಇತ್ತು. ಮಗಳು ಅದನ್ನು ಕಿತ್ತು, ವೈರನ್ನು ಸುತ್ತಿ ಮಂಚದ ಕೆಳಗೆ ಇಟ್ಟಳು. ಅವನು ಕಿಟಕಿಯ ಸರಳಿನ ನಡುವೆ ತನ್ನ ಕೇಬಲ್ ತೂರಿಸಿದ.

“ಎಷ್ಟೊತ್ತು ಬೇಕು?” ಎಂದು ಯಾರೋ ಕೇಳಿದರು.

“ಬೆಳಗಾನ ಬೇಕು,” ಎಂದ. “ಇದು ನಿಧಾನ.”

“ಆಗ್ಲಿ ಬುಡು,” ಎಂದಳು ಮಗಳು. ಸ್ವಿಚ್ ಒತ್ತಿದಳು.