ಆಟಿ ಕಳೆಯುವವರೆಗೆ

ಬಂಟ್ವಾಳದ ಅಕ್ಕಿ ಮಿಲ್ಲಿನಲ್ಲಿ ನಾನು ಗುಮಾಸ್ತ. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಬಸ್ಸು ಹಿಡಿದು ಗುರುವಾಯನಕೆರೆಗೆ ಹೋಗುತ್ತಿದ್ದೆ. ಅಲ್ಲಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಭಾನುವಾರ ಸಂಜೆಯವರೆಗೆ ಸೀಮೆಎಣ್ಣೆಯ ಗ್ಯಾಸ್‌ಲೈಟ್ ದೀಪಗಳ ರಿಪೇರಿ. ಕೆಲಸ ಕಲಿಸಿದವರು ಮಿಲ್ಲಿನ ಫಿಟ್ಟರ್. ಒಣಗಿದ ತೊಗಲಿನ ವಾಷರನ್ನು ಎಣ್ಣೆಯಲ್ಲಿ ನೆನೆಸುವುದು, ನಿಪ್ಪಲ್ಲಿನ ಕಸ ಬಿಡಿಸುವುದು, ಎಲ್ಲ ಅವರದೇ ವಿದ್ಯೆ. ಬಂಟ್ವಾಳದಲ್ಲಿ ನನಗಿದ್ದ ಸ್ನೇಹಿತರೆಂದರೆ ಅವರೊಬ್ಬರೇ.

ದೀಪಾವಳಿ ಕಳೆದು ಯಕ್ಷಗಾನದ ಆಟ, ಭೂತದ ಕೋಲಗಳು ಶುರುವಾದವು. ಇಡೀ ರಾತ್ರಿ ಉರಿಯುವ ದೀಪಗಳು ಸಾಲುಗಟ್ಟಿ ನನ್ನ ಕೋಣೆಗೆ ಬಂದವು. ಖುಷಿಯಲ್ಲಿ ನನಗೆ ನೆಲ ಕಾಣದಾಯಿತು. ಮಿಲ್ಲು ಬಿಡುತ್ತೇನೆ ಎಂದು ಊಟದ ಹೊತ್ತಿಗೆ ಫಿಟ್ಟರಿಗೆ ಹೇಳಿದೆ.

ಅವರು ಎಂದಿನಂತೆ ನನ್ನ ಬುತ್ತಿಯ ಮುಚ್ಚಳದಿಂದ ಉಪ್ಪಿನಕಾಯಿ ಎತ್ತಿಕೊಂಡರು.

"ಮಳೆ ಹಿಡಿಯುವ ಮೊದಲು ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ತಾರೆ, ಆಟ ನಿಲ್ತದೆ. ಮತ್ತೆ ದೀಪ ಯಾರಿಗೆ ಬೇಕು ಮಾರಾಯ? ಆಟಿ ತಿಂಗಳ ಜಡಿಮಳೆಯಲ್ಲಿ ಸಹ ಜನ ಬಂದ್ರೆ ಮಿಲ್ಲು ಬಿಡು. ಅಲ್ಲಿವರೆಗೆ ಸುಮ್ಮನೆ ಕೂತ್ಕೊ."

ಸಿಟ್ಟು ಬಂತು. ಆದರೂ ಕಾದೆ.

ಮಳೆಗಾಲ ಹಿಡಿಯಿತು. ಕೋಣೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಉಜ್ಜಿದ ದೀಪವನ್ನೇ ಮತ್ತೆ ಉಜ್ಜುತ್ತಾ ಕೂರುತ್ತಿದ್ದೆ. ವಾರವಿಡೀ ಮಿಲ್ಲು, ರಜೆಯೆಲ್ಲ ಇಲ್ಲಿ. ಮಿಲ್ಲಿನ ಹತ್ತಿರ ನರಿಕೊಂಬಿನ ನನ್ನ ಬಿಡಾರದ ನೆರೆಯವರಿಗೆ ನನ್ನ ಮುಖವೇ ಮರೆತಿತ್ತು. ಮದುವೆಗಳಿಗೂ ಯಾರೂ ಕರೆಯುತ್ತಿರಲಿಲ್ಲ. ಅಳು ಬರುವಷ್ಟು ಬೇಸರವಾಗುತ್ತಿತ್ತು.

ಒಂದು ಭಾನುವಾರ ಹೆಂಗಸೊಬ್ಬರು ಕಡ್ಡಿ ಮುರಿದ ಕೊಡೆ ಹಿಡಿದು ಬಂದರು.

"ದೀಪ ಮಾಡುವವರಿಗೆ ಕೊಡೆ ಮಾಡ್ಲಿಕ್ಕೆ ಬರುದಿಲ್ವ?"

ತಂತಿ, ಇಕ್ಕಳ ಕೈಯಲ್ಲೇ ಇದ್ದವು. ಮಾಡಿಕೊಟ್ಟೆ. ಸುದ್ದಿ ಹಬ್ಬಿತು. ಆಟಿಯ ನಡುವೆ ಒಂದು ಶನಿವಾರ ಹೋದರೆ ನನ್ನ ಬೀಗ ಹಾಕಿದ ಬಾಗಿಲ ತುಂಬ ಕೊಡೆಗಳು ನೇತಾಡುತ್ತಿದ್ದವು, ಗುರುತಿಗೆ ಹಿಡಿಗಳಿಗೆ ಬಣ್ಣದ ಚಿಂದಿ ಕಟ್ಟಿ. ಅದೇ ಹೆಂಗಸು ಮಳೆಗೆ ತಲೆಯ ಮೇಲೆ ಓಲೆಯ ಗೊರಬೆ ಹಾಕಿಕೊಂಡು ನಿಂತಿದ್ದರು.

"ಕೊಡೆ ಇಲ್ಲಿ ಸಿಕ್ಕಿಸಿ ಸೋಮವಾರದಿಂದ ಗೊರಬೆಯಲ್ಲೇ ತಿರುಗ್ತಿದ್ದೇನೆ. ನೀವು ವಾರವಿಡೀ ಎಲ್ಲಿರ್ತೀರಿ ಮಾರಾಯ್ರೆ?"

ಅವರು ಬೈಯುತ್ತಿದ್ದರು. ನನಗೋ ಕುಣಿಯುವಷ್ಟು ಸಂತೋಷ. ದೀಪದ ಕೆಲಸವಿಲ್ಲದ ತಿಂಗಳಲ್ಲೂ, ನಾನು ಇಲ್ಲದ ದಿನಗಳಲ್ಲೂ ಜನ ಬಂದು ಹೋಗಿದ್ದರು. ಇನ್ನು ಕಾಯುವುದಕ್ಕೆ ಏನೂ ಉಳಿದಿರಲಿಲ್ಲ.

ಫಿಟ್ಟರಿಗೆ ಹೇಳಿದಾಗ ಅವರು ತಲೆಯಾಡಿಸಿದರು. "ಈಗ ಸರಿ. ಹೋಗು," ಎಂದರು. ಮತ್ತೆ ಬೇರೆ ಕಡೆ ನೋಡುತ್ತಾ, "ಬಸ್ಸು ಹತ್ತಿ ಅಲ್ಲಿಗೆ ಬರ್ಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ, ಕಾಲು ನೋವು," ಎಂದರು.

ಮಿಲ್ಲು ಬಿಟ್ಟ ಮೇಲಿನ ಮೊದಲ ಸೋಮವಾರ ಬೆಳಿಗ್ಗೆಯಿಂದಲೇ ಕೈತುಂಬ ಕೆಲಸ. ಮಧ್ಯಾಹ್ನ ಬಾಗಿಲು ಓರೆ ಮಾಡಿ ಬುತ್ತಿ ಬಿಚ್ಚಿದೆ. ಉಪ್ಪಿನಕಾಯಿಯನ್ನು ಮುಚ್ಚಳದ ಮೇಲಿಟ್ಟು ಎಂದಿನಂತೆ ಎದುರಿಗೆ ಸರಿಸಿದೆ. ಊಟ ಮುಗಿದರೂ ಅದು ಅಲ್ಲೇ ಇತ್ತು.