ಗದಗದ ನಾಲ್ಕು ಗಂಟೆಯ ಬಿಸಿಲು

ಕುಮಟೆಯ ಮನೆಯಲ್ಲೇ ಕೂತು ಕಟ್ಟಡಗಳ ಕಂಪ್ಯೂಟರ್ ಚಿತ್ರ ಮಾಡುವ ಶುಭದಾಗೆ ಬಾಣಂತನದುದ್ದಕ್ಕೂ ಒಂದೇ ಚಿಂತೆಯಿತ್ತು: ಇಂಜಿನಿಯರ್ ನಿತ್ಯಾನಂದ ತನ್ನ ಕೆಲಸ ಕಿತ್ತುಕೊಂಡರೆ? ಕೊನೆಗೆ ಕಿತ್ತುಕೊಂಡೇಬಿಟ್ಟ.

"ತೊಟ್ಟಿಲು ತೂಗೋ ಕೈಗೆ ಮೌಸ್ ಎಂತಕ್ಕೆ?" ಎಂದು ನಕ್ಕಿದ್ದ. ಗದಗದಲ್ಲಿ ಏಳಲಿದ್ದ ಸೀರೆ ಅಂಗಡಿಗೆ ಅವಳು ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿಯನ್ನೇ ಬೇರೆಯವನಿಂದ ಸಿಂಗಾರ ಮಾಡಿಸಿ, ಮಳೆ ತೊಳೆದ ಕುಮಟೆಯ ನೀಲಿ ಆಕಾಶ ಹಾಕಿಸಿ, ಮಾಲೀಕ ಹಿರೇಮಠರಿಗೆ ಕಳಿಸಿದ್ದ.

ಮಗು ಮಲಗಿತು. ಶುಭದಾ ಆ ಅಂಗಡಿಯ ತನ್ನ ಹಳೆಯ ಫೈಲ್ ತೆರೆದಳು. ಊರು ಗದಗ, ತಿಂಗಳು ಏಪ್ರಿಲ್, ಹೊತ್ತು ಸಂಜೆ ನಾಲ್ಕು ಗಂಟೆ ಎಂದು ಬಿಸಿಲಿನ ಲೆಕ್ಕಕ್ಕೆ ಕೊಟ್ಟಳು. ಚಿತ್ರದ ಸೂರ್ಯನನ್ನು ಚಿಕ್ಕದಾಗಿಟ್ಟಳು, ನೆರಳಿನ ಅಂಚು ಚೂರಿಯಂತಾಯಿತು. ಗಾಳಿಗೆ ಧೂಳು ಏರಿಸಿದಳು, ಆಕಾಶ ನೀರುಮಜ್ಜಿಗೆಯ ಬಣ್ಣಕ್ಕಿಳಿಯಿತು, ದೂರದ ಬೇವಿನಮರಗಳು ಮಸುಕಾದವು. ಪಡುವಣಕ್ಕೆ ಮುಖಮಾಡಿದ ಗಾಜಿನ ಗೋಡೆ ಕಾದ ಕಾವಲಿಯಂತೆ ಕಣ್ಣು ಕುಕ್ಕಿತು. ಗಾಜಿನ ಹಿಂದೆ ತೂಗಿದ ಸೀರೆಗಳ ಮೇಲೆ ಬಿಸಿಲು ನೇರ ಬಿದ್ದಿತ್ತು.

ಅವಳಿಗೆ ಹಿತವಾಯಿತು. ಚಿತ್ರ ಕಳಿಸಿ, ಹಿರೇಮಠರಿಗೆ ಫೋನ್ ಹಚ್ಚಿದಳು.

"ನಿಮ್ಮ ಅಂಗಡಿ ಮಾದರಿ ಮಾಡಿದ ಶುಭದಾ ನಾನು. ನಿಮ್ಮ ಈಮೇಲ್ ನೋಡಿ ಸರ್. ನಿತ್ಯಾನಂದರು ತೋರಿಸಿದ್ದು ನಮ್ಮೂರಿನ ಆಕಾಶ. ನಿಮ್ಮೂರಿನ ಬಿಸಿಲಿಗೆ ಸೀರೆ ಬಣ್ಣ ಹಾರೂದು ಎಷ್ಟು ದಿನಕ್ಕೆ ಅಂತ ಅವರನ್ನೇ ಕೇಳಿ."