ವರ್ಷಕ್ಕೊಮ್ಮೆ ಎಣಿಸಬೇಕಾಗಿದ್ದ ಬುಶ್ಶು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಆ ಸಕ್ಕರೆ ಕಾರ್ಖಾನೆಯಲ್ಲಿ ಬಿಡಿಭಾಗಗಳ ಉಗ್ರಾಣ ನನ್ನ ಸುಪರ್ದಿಗೆ ಬಂದಾಗ, ಅದರ ಬೀಗದ ಕೈ ಬೆಸಗರಹಳ್ಳಿಯ ಒಬ್ಬ ಹಿರಿಯರ ಸೊಂಟದಲ್ಲಿತ್ತು. ಸ್ಟೋರ್‌ಕೀಪರ್ ಎಂದು ಹುದ್ದೆ. ಮೂವತ್ತು ವರ್ಷ ಆ ತಗಡಿನ ಚಾವಣಿಯ ಕೆಳಗೇ ಕಳೆದವರು, ನಿವೃತ್ತಿಗೆ ಒಂದು ವರ್ಷವಿತ್ತು. ನಾನು ಸಂಖ್ಯಾಶಾಸ್ತ್ರ ಓದಿ ಬಂದವನು, ಯಾರ ಮಾತನ್ನೂ ಅಂಕಿಯಿಲ್ಲದೆ ನಂಬುತ್ತಿರಲಿಲ್ಲ. ಈಗ ಅಂಕಿಗಳನ್ನೂ ಅಷ್ಟಾಗಿ ನಂಬುವುದಿಲ್ಲ. ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಹೊಲಿದು ಸೇರಿಸಿದ್ದು ಎಂಬುದೂ ನನಗೆ ಪೂರ್ತಿ ಗೊತ್ತಿಲ್ಲ.

ಸಾವಿರಾರು ಸಾಮಾನುಗಳನ್ನು ವರ್ಷಕ್ಕೊಮ್ಮೆ ಒಟ್ಟಿಗೆ ಎಣಿಸುವ ಬದಲು ದಿನಕ್ಕಿಷ್ಟು ಎಂದು ಎಣಿಸುತ್ತಾ ಹೋಗಬೇಕು, ಯಾವುದನ್ನು ಎಷ್ಟು ಸಲ ಎಂಬ ಪಟ್ಟಿ ಮಾಡಿಕೊಡಿ ಎಂದು ಮ್ಯಾನೇಜರು ಕೇಳಿದರು. ಕಬ್ಬು ಅರೆಯಲು ಇನ್ನೂ ಎರಡು ತಿಂಗಳಿದ್ದ ಬೇಸಿಗೆ ಅದು. ಪ್ರತಿ ಸಾಮಾನಿನ ಬೆಲೆಯನ್ನು ವರ್ಷದ ಬಳಕೆಯಿಂದ ಗುಣಿಸಿದೆ. ಮೊತ್ತದ ಬಹುಪಾಲನ್ನು ನುಂಗುವ ಕೆಲವೇ ಸಾಮಾನುಗಳು ಎ, ನಡುವಿನವು ಬಿ, ಅಗ್ಗದ ದೊಡ್ಡ ಗುಂಪು ಸಿ. ಆಮೇಲೆ ತಿಂಗಳ ಬಳಕೆ ಎಷ್ಟು ಏರುಪೇರಾಗುತ್ತದೆ ಎಂದು ನೋಡಿದೆ. ಒಂದೇ ಸಮ ಹೋಗುವುದು ಎಕ್ಸ್, ಅಷ್ಟಿಷ್ಟು ಹೊಯ್ದಾಡುವುದು ವೈ, ಯಾವಾಗ ಹೋಗುತ್ತದೋ ಹೇಳಲಾಗದ್ದು ಜೆಡ್. ಎರಡನ್ನೂ ಸೇರಿಸಿದರೆ ಒಂಬತ್ತು ಮನೆ. ಎ ಸಾಲಿನ ಮನೆಗಳಿಗೆ ತಿಂಗಳಿಗೊಮ್ಮೆ ಎಣಿಕೆ, ಬಿಗೆ ಮೂರು ತಿಂಗಳಿಗೊಮ್ಮೆ, ಸಿ-ಎಕ್ಸ್ ಮತ್ತು ಸಿ-ವೈಗೆ ಆರು ತಿಂಗಳಿಗೊಮ್ಮೆ. ಅಗ್ಗವೂ ಹೌದು, ಅಪರೂಪಕ್ಕೆ ಕದಲುವುದೂ ಹೌದು, ಕದಲದ ಸಾಮಾನಿನ ಲೆಕ್ಕ ತಪ್ಪುವುದು ಹೇಗೆ ಎಂದುಕೊಂಡು ಸಿ-ಜೆಡ್‌ಗೆ ವರ್ಷಕ್ಕೊಂದೇ ಸಲ ಎಂದು ಬರೆದೆ.

ಕಬ್ಬನ್ನು ಗಾಣಕ್ಕೆ ಎಳೆದೊಯ್ಯುವ ಕ್ಯಾರಿಯರ್‌ಗೆ ಮೋಟಾರನ್ನು ಜೋಡಿಸುವ ಕಪ್ಲಿಂಗಿಗೆ ಹಾಕುವ ರಬ್ಬರ್ ಉಂಗುರ, ಅಂದರೆ ಬುಶ್ಶು, ಸಿ-ಜೆಡ್ ಮನೆಗೆ ಬಿತ್ತು. ಹಿಂದಿನ ವರ್ಷದ ದಾಖಲೆಯಲ್ಲಿ ಹನ್ನೊಂದು ತಿಂಗಳು ಸೊನ್ನೆ, ಒಂದು ತಿಂಗಳು ಮಾತ್ರ ದೊಡ್ಡ ಸಂಖ್ಯೆ. ಅದಕ್ಕಿಂತ ಚೊಕ್ಕ ಜೆಡ್ ಇರಲಾರದು.

ಉಗ್ರಾಣದಲ್ಲಿ ಒಂದು ರೂಢಿಯಿತ್ತು, ನನಗೆ ಪೂರ್ತಿ ಅರ್ಥವಾದದ್ದು ಎಲ್ಲ ನಡೆದ ಮೇಲೆ. ಸಾಮಾನು ಕೊಡಬೇಕಾದರೆ ಎಂಜಿನಿಯರ ಸಹಿಯ ಚೀಟಿ ಬೇಕು. ಕ್ಯಾರಿಯರ್ ನಿಂತಾಗ ಎಂಜಿನಿಯರು ಕ್ಯಾರಿಯರ್ ಹತ್ತಿರ ಇರುತ್ತಾರೆ, ಸಹಿಗೆ ಸಿಗುವುದಿಲ್ಲ. ಫಿಟ್ಟರು ಓಡಿಬಂದು ಬೀಡಿ ಪೊಟ್ಟಣದ ಕಾಗದದಲ್ಲೋ ಕ್ಯಾಲೆಂಡರಿನ ಹರುಕಿನಲ್ಲೋ 'ಬುಶ್ 4' ಎಂದು ಗೀಚಿಕೊಡುತ್ತಿದ್ದ. ಅದು ಗೋಡೆಯ ಮೊಳೆಗೆ ಸೇರುತ್ತಿತ್ತು. ಅರೆಯುವುದು ಮುಗಿದು ಬಾಯ್ಲರ್ ಆರಿಸಿದ ವಾರ ಎಂಜಿನಿಯರು ಒಟ್ಟಿಗೆ ಕೂತು ಅಷ್ಟಕ್ಕೂ ಸಹಿ ಹಾಕುತ್ತಿದ್ದರು. ಆಗಲೇ ಕಂಪ್ಯೂಟರಿಗೆ ಏರುತ್ತಿತ್ತು. ಅಂದರೆ ಅರೆಯುವ ತಿಂಗಳುಗಳಲ್ಲಿ ವಾರ ವಾರವೂ ಒಂದೇ ಸಮ ಹೋಗುತ್ತಿದ್ದ ಬುಶ್ಶು ದಾಖಲೆಯಲ್ಲಿ ವರ್ಷಕ್ಕೊಮ್ಮೆ ಜಿಗಿಯುತ್ತಿತ್ತು. ಸಾಮಾನು ನಿಜಕ್ಕೆ ಎಕ್ಸ್. ಜೆಡ್ ಆಗಿದ್ದದ್ದು ಸಹಿ.

ಇದನ್ನೆಲ್ಲ ಸರಿದೂಗಿಸುತ್ತಿದ್ದದ್ದು ಆ ಹಿರಿಯರ ಸೋಮವಾರದ ಸುತ್ತು. ಡಬ್ಬಿಗಳಲ್ಲಿ ಇರುವುದನ್ನು ಎಣಿಸಿ, ಮೊಳೆಯ ಚೀಟಿ ಕೂಡಿಸಿ, ಕಂಪ್ಯೂಟರಿನ ಸಂಖ್ಯೆಗೆ ತಾಳೆ ನೋಡಿ, ಕಡಿಮೆ ಅನ್ನಿಸಿದರೆ ಖರೀದಿಯವರಿಗೆ ಬಾಯಲ್ಲಿ ಹೇಳಿಬಿಡುತ್ತಿದ್ದರು. ಎಲ್ಲೂ ಬರೆದಿರಲಿಲ್ಲ. ಇನ್ನು ಪಟ್ಟಿಯ ಪ್ರಕಾರ ಎಣಿಸಿದರೆ ಸಾಕು ಎಂದು ಆ ಸುತ್ತನ್ನು ನಿಲ್ಲಿಸಿದವನು ನಾನು.

ಅರೆಯುವಿಕೆ ಭರದಲ್ಲಿದ್ದ, ಚಳಿ ಶುರುವಾಗಿದ್ದ ಒಂದು ಭಾನುವಾರ ಬೆಳಿಗ್ಗೆ ಮಂಡ್ಯದ ಗುತ್ತಲಿನಲ್ಲಿದ್ದ ನನ್ನ ಮನೆಗೆ, ಕ್ಯಾರಿಯರ್ ನಿಂತಿದೆ ಎಂದು ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಅಂಗಳದ ತುಂಬ ಕಬ್ಬಿನ ಗಾಡಿ, ಟ್ರ್ಯಾಕ್ಟರು, ಗೇಟಿನಾಚೆ ರಸ್ತೆವರೆಗೂ ಸಾಲು. ಉಗ್ರಾಣದಲ್ಲಿ ಮಳವಳ್ಳಿ ಕಡೆಯ ಫಿಟ್ಟರು ಖಾಲಿ ಡಬ್ಬಿ ಹಿಡಿದು ನಿಂತಿದ್ದ. ಕಂಪ್ಯೂಟರಿನಲ್ಲಿ ನಲವತ್ತು ಇತ್ತು. ಅದಕ್ಕೇ ಖರೀದಿಯವರು ಹೊಸದಾಗಿ ತರಿಸಿರಲಿಲ್ಲ.

"ನಲ್ವತ್ತು ಎಲ್ಲವೆ ಅಣ್ಣೋ? ಇಲಿ ತಿಂದ್ಕಂಡ್ವಾ?" ಎಂದ ಫಿಟ್ಟರು.

"ನಿನ್ ಜೋಬ್ನಾಗೇ ಓದ್ವು ಕಣ್ಲಾ. ನೋಡು ಮೊಳೇಲಿ, ಎಲ್ಲಾ ನಿನ್ನ ಕೋಳಿಕಾಲ್ ಅಕ್ಸರವೇ," ಎಂದರು ಹಿರಿಯರು. ನನ್ನ ಕಡೆ ನೋಡಲಿಲ್ಲ.

ಆ ಅಳತೆಯದು ಮಂಡ್ಯದ ಯಾವ ಅಂಗಡಿಯಲ್ಲೂ ಇರಲಿಲ್ಲ. ಹಳೇ ಟೈರು ಕತ್ತರಿಸಿ ಬುಶ್ಶು ಮಾಡಿ ಕೂರಿಸುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಅಷ್ಟು ಹೊತ್ತೂ ಕಾರ್ಖಾನೆ ನಿಂತಿತ್ತು.

ಮೂರನೆಯ ದಿನ ಮ್ಯಾನೇಜರ ಕೋಣೆಯಲ್ಲಿ ನಾವು ಮೂವರೇ. ಹಿರಿಯರನ್ನು ಉಗ್ರಾಣದಿಂದ ತೆಗೆದು ಕಬ್ಬಿನ ಅಂಗಳದ ಟೋಕನ್ ಕೌಂಟರಿಗೆ ಹಾಕುವ ಆದೇಶ ಮೇಜಿನ ಮೇಲಿತ್ತು, ಸಹಿ ಆಗಿರಲಿಲ್ಲ. ತಪ್ಪು ನನ್ನ ಪಟ್ಟಿಯದು ಎಂದೆ.

"ಪಟ್ಟೀಲಿ ತಪ್ಪೇನಿದೆ? ವರ್ಷಕ್ಕೊಂದ್ಸಲ ಅಂತಿದೆ, ಆ ದಿನ ಇನ್ನೂ ಬಂದಿಲ್ಲ. ಸಹಿ ಇಲ್ಲದೆ ಸಾಮಾನು ಕೊಟ್ಟೋರು ಇವರು," ಎಂದರು ಮ್ಯಾನೇಜರು. "ಒಂದೇ ಒಂದು ಹೇಳಿ. ಸುತ್ತು ನಿಲ್ಲಿಸುವಾಗ ಇವರು ಈ ಚೀಟಿ ವಿಷಯ ನಿಮಗೆ ತಿಳಿಸಿದ್ರಾ? ತಿಳಿಸಿದ್ರೆ ಇವರನ್ನ ಅಲ್ಲೇ ಬಿಡ್ತೀನಿ."

"ಏಳಿದ್ದೆ ಸಾ," ಎಂದರು ಹಿರಿಯರು. "ಬಾಕ್ಲತ್ರ ನಿಂತ್ಕಂಡು ಏಳಿದ್ದೆ. ಚೀಟಿ ಎಲ್ಲಾ ಮೊಳೇಲವೆ, ಬುಶ್ಶಿಗೆ ವರ್ಸ ಬ್ಯಾಡ, ವಾರ ಮಡಗಿ ಅಂತ."

ನನಗೂ ಹಾಗೇ ನೆನಪಿತ್ತು. ಬಾಗಿಲು, ಅವರ ಕೈಯಲ್ಲಿ ಟೀ ಲೋಟ, ಮೈಮೇಲೆ ಕಂದು ಸ್ವೆಟರು. ಆದರೆ ಪಟ್ಟಿ ಮಾಡಿದ್ದು ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಸ್ವೆಟರು ಯಾರು ಹಾಕುತ್ತಾರೆ? ಕ್ಯಾರಿಯರ್ ನಿಂತ ಮೇಲೆ ಅವರು ಹೇಳಿದ್ದನ್ನು, ತಪ್ಪಿತಸ್ಥನ ಮನಸ್ಸು ಹಿಂದಕ್ಕೆ ಒಯ್ದು ಅಂಟಿಸಿರಬೇಕು ಅನ್ನಿಸಿತು. ಅಂಥ ನೆನಪನ್ನು ಸಾಕ್ಷಿ ಎನ್ನುವುದು ಹೇಗೆ?

"ಖಚಿತವಾಗಿ ನೆನಪಿಲ್ಲ," ಎಂದೆ.

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು. ಹಿರಿಯರು ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟರು. ಗಂಟು ಬಿಗಿಯಾಗಿತ್ತೋ ಏನೋ, ಸ್ವಲ್ಪ ಹೊತ್ತು ಹಿಡಿಯಿತು.

ಮುಂದಿನ ಬೇಸಿಗೆಯಲ್ಲಿ, ಅರೆಯುವಿಕೆ ಇನ್ನೂ ಮುಗಿದಿರದಾಗ, ಒಂದು ದಿನ ಬೆಳಿಗ್ಗೆ ಬೇಗ ಹೋದೆ. ಟೋಕನ್ ಕೌಂಟರಿನ ಮುಂದೆ ಅವರು ಬೈಕು ನಿಲ್ಲಿಸುತ್ತಿದ್ದರು. ಮೈಮೇಲೆ ಅದೇ ಕಂದು ಸ್ವೆಟರು.

"ಈ ಬೇಸಿಗೇಲೂ ಸ್ವೆಟರಾ ಯಜಮಾನ್ರೇ?"

"ಒತ್ತಾರೆ ಬೈಕ್ನಾಗೆ ಬತ್ತೀನಲ್ಲ ಸಾ, ಎದೆಗ್ ಗಾಳಿ ಬಡೀತದೆ. ವರ್ಸ ಪೂರಾ ಆಕ್ತೀನಿ. ನೀವೇ ಅಲ್ವಾ ಕಂಡಿರೋದು?"

ಕಂಡಿದ್ದೆನೇ? ನೇರ ಮ್ಯಾನೇಜರ ಬಳಿ ಹೋದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. "ಹಾಗಾದ್ರೆ ಈಗ ಖಚಿತವಾಗಿ ನೆನಪಾಯ್ತಾ?" ಎಂದರು. ಸ್ವೆಟರು ನನ್ನ ಅನುಮಾನವನ್ನು ಕಿತ್ತಿತ್ತೇ ಹೊರತು ಆ ಜಾಗದಲ್ಲಿ ಏನನ್ನೂ ಇಟ್ಟಿರಲಿಲ್ಲ. "ಇನ್ನೆರಡು ತಿಂಗಳಿಗೆ ರಿಟೈರ್ ಆಗ್ತಾರೆ, ಬಿಡಿ," ಎಂದು ಅವರು ಫೈಲಿನತ್ತ ತಿರುಗಿದರು.

ಮ್ಯಾನೇಜರ ಬಳಿ ನಡೆದದ್ದನ್ನು ಹಿರಿಯರಿಗೆ ಹೇಳಿದೆ. ಹೇಳದೆ ಇರಬೇಕಿತ್ತೇನೋ.

"ಬುಡಿ ಸಾ," ಎಂದರು. "ಬುಶ್ ಎಷ್ಟವೆ ಈಗ?"

ವಾರಕ್ಕೊಮ್ಮೆ ಎಣಿಸುವ ಪಟ್ಟಿಗೆ ಅದನ್ನು ನಾನು ಯಾವತ್ತೋ ಸೇರಿಸಿದ್ದೆ. ಕಂಪ್ಯೂಟರಿನಲ್ಲಿದ್ದಂತೆ ಇಪ್ಪತ್ತೆಂಟು ಎಂದೆ.

"ಚೀಟಿ ಸೇರ್ಸಿನಾ, ಬುಟ್ಟಾ?"

ಮ್ಯಾನೇಜರು ಚೀಟಿಗಳನ್ನು ನಿಷೇಧಿಸಿ ಆ ಮೊಳೆಯನ್ನೂ ಕೀಳಿಸಿದ್ದರು. ಆದರೂ ಕ್ಯಾರಿಯರ್ ನಿಂತಾಗ ಫಿಟ್ಟರುಗಳು ಈಗ ಏನು ಮಾಡುತ್ತಾರೆ, ಅದನ್ನು ಎಲ್ಲಿ ಗೀಚಿಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಗಾಡಿಯವನೊಬ್ಬ ಟೋಕನ್ನಿಗೆ ಕೈ ಚಾಚಿದ, ಅವರು ಅತ್ತ ತಿರುಗಿದರು.